1,200 ಡಾಲರ್ ನನ್ನ ಖಾತೆಗೆ ಬಂದು ಸೇರಿದ ದಾರಿ

2023ರ ಅಕ್ಟೋಬರ್ 17, ಮಂಗಳವಾರ. ಶಿವಮೊಗ್ಗದ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿ ಎರಡು ದಿನ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂತು. ಖಾತೆಗೆ 95,998 ರೂಪಾಯಿ 86 ಪೈಸೆ ಜಮಾ ಆಗಿದೆ ಅಂತ.

ಹೊರದೇಶದ ಗಿರಾಕಿಯಿಂದ ಬಂದ ಮೊದಲ ದುಡ್ಡು ಅದು. ತುಂಬಾ ಖುಷಿಯಾಯಿತು. ಆದರೆ ಐದೇ ನಿಮಿಷಕ್ಕೆ ಲೆಕ್ಕ ಕಾಡಲು ಶುರುವಾಯಿತು. ನಾನು ಕಳಿಸಿದ್ದ ಬಿಲ್ 1,200 ಡಾಲರ್‌ದು. ಆ ದಿನ ಗೂಗಲ್‌ನಲ್ಲಿ ಡಾಲರಿಗೆ 83.25 ರೂಪಾಯಿ ತೋರಿಸುತ್ತಿತ್ತು. ಗುಣಿಸಿದರೆ 99,900 ಆಗಬೇಕು. ಕೈಗೆ ಬಂದದ್ದರಲ್ಲಿ 3,901 ರೂಪಾಯಿ ಕಡಿಮೆ. ನೂರಕ್ಕೆ ಹತ್ತಿರ ಹತ್ತಿರ ನಾಲ್ಕು ರೂಪಾಯಿ ದಾರಿಯಲ್ಲೇ ಹೋಗಿತ್ತು. ಪ್ರತಿ ತಿಂಗಳೂ ಹೀಗೇ ಆದರೆ ವರ್ಷಕ್ಕೆ 46 ಸಾವಿರಕ್ಕೂ ಜಾಸ್ತಿ.

ಆ ದುಡ್ಡು ಎಲ್ಲಿ ಹೋಯಿತು ಅಂತ ಹುಡುಕುತ್ತಾ ಹೋದೆ. ಮೂರು ತಿಂಗಳು ಹಿಡಿಯಿತು. ನನ್ನ ಹಾಗೆ ಊರಲ್ಲಿ ಕೂತು ಹೊರದೇಶಕ್ಕೆ ಕೆಲಸ ಮಾಡುವವರು ಈಗ ಎಷ್ಟೋ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದ ಮೇಲೆ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಹಿಡಿದೆ. ಅಮೆರಿಕದ ಓಹಿಯೋದಲ್ಲಿ ತೋಟದ ಸಾಮಾನು ಮಾರುವ ಒಂದು ಪುಟ್ಟ ಅಂಗಡಿ ಇದೆ. ಅವರ ವೆಬ್‌ಸೈಟಿನ ಬ್ಯಾಕಪ್, ಅಪ್‌ಡೇಟ್, ಹೊಸ ಪುಟ ಸೇರಿಸುವುದು, ಆರ್ಡರ್ ಫಾರ್ಮ್ ಕೆಟ್ಟರೆ ಸರಿ ಮಾಡುವುದು ಎಲ್ಲ ನನ್ನದು. ತಿಂಗಳಿಗೆ 1,200 ಡಾಲರ್ ಅಂತ ಮಾತಾಗಿತ್ತು. ದುಡ್ಡು ನೇರ ಬ್ಯಾಂಕಿನಿಂದ ಬ್ಯಾಂಕಿಗೆ, ದೇಶ ದೇಶಗಳ ಬ್ಯಾಂಕುಗಳು ಸಂದೇಶ ಕಳಿಸುವ ಸ್ವಿಫ್ಟ್ ಜಾಲದ ಮೂಲಕ.

ನನ್ನ ಖಾತೆ ಇರುವುದು ಮನೆ ಹತ್ತಿರದ ಶಾಖೆಯಲ್ಲಿ. ಅಲ್ಲಿ ವಿಚಾರಿಸಿದರೆ ಅವರಿಗೂ ಜಾಸ್ತಿ ಗೊತ್ತಿರಲಿಲ್ಲ. ಎಲ್ಲ ಶಾಖೆಯಲ್ಲೂ ಫಾರಿನ್ ಎಕ್ಸ್‌ಚೇಂಜ್ ಕೆಲಸ ನಡೆಯುವುದಿಲ್ಲ. ಊರಿನ ಮುಖ್ಯ ಶಾಖೆಯಲ್ಲಿ ಒಬ್ಬ ಅಧಿಕಾರಿ ಇದನ್ನೆಲ್ಲ ನೋಡುತ್ತಾರೆ, ಅಲ್ಲಿಗೆ ಹೋಗಿ ಅಂದರು. ಮಾರನೇ ದಿನ ಬೆಳಿಗ್ಗೆ ಹೋದೆ.

ಆ ಅಧಿಕಾರಿ ಮೇಡಂಗೆ ಐವತ್ತರ ಮೇಲೆ ವಯಸ್ಸು. ನನ್ನ ಲೆಕ್ಕದ ಚೀಟಿ ನೋಡಿ, "ಸ್ವಿಫ್ಟ್ ಕಾಪಿ ನೋಡಿದ್ರಾ?" ಅಂತ ಕೇಳಿದರು. ಹಾಗಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಇಲ್ಲಿಗೆ ಬ್ಯಾಂಕುಗಳು ಒಂದಕ್ಕೊಂದು ಕಳಿಸುವ ಸಂದೇಶದ ಪ್ರತಿ ಅದು. 2025ರವರೆಗೆ ಅದಕ್ಕೆ MT103 ಅಂತ ಹೆಸರಿತ್ತು. ಖಾತೆದಾರರು ಕೇಳಿದರೆ ಬ್ಯಾಂಕು ಕೊಡುತ್ತದೆ, ಕೇಳಬೇಕು ಅಷ್ಟೆ. ಅವರು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟು, ಪೆನ್ಸಿಲ್‌ನಲ್ಲಿ ನಾಲ್ಕು ಸಾಲಿಗೆ ಗೆರೆ ಎಳೆದರು.

```
:32A:231011USD1175,00
:33B:USD1200,00
:71A:SHA
:71F:USD25,00
```

"33B ಅಂದ್ರೆ ಅವರು ಅಲ್ಲಿಂದ ಕಳಿಸಿದ್ದು. 32A ಅಂದ್ರೆ ನಮ್ಮ ಕೈಗೆ ಬಂದಿದ್ದು. ಇಪ್ಪತ್ತೈದು ಡಾಲರ್ ನಮ್ಮ ಹತ್ತಿರ ಬರೋ ಮುಂಚೆನೇ ಹೋಗಿದೆ ನೋಡಿ" ಅಂದರು.

ಆ ಒಂದು ಹಾಳೆಯಿಂದ ಅರ್ಧ ವಿಷಯ ತಿಳಿಯಿತು. ಓಹಿಯೋದ ಸಣ್ಣ ಬ್ಯಾಂಕಿಗೂ ಶಿವಮೊಗ್ಗದ ನನ್ನ ಬ್ಯಾಂಕಿಗೂ ನೇರ ವ್ಯವಹಾರ ಇಲ್ಲ. ನಮ್ಮ ಬ್ಯಾಂಕು ಡಾಲರ್ ಇಟ್ಟುಕೊಳ್ಳಲು ನ್ಯೂಯಾರ್ಕಿನ ಒಂದು ದೊಡ್ಡ ಬ್ಯಾಂಕಿನಲ್ಲಿ ಖಾತೆ ತೆರೆದಿರುತ್ತದೆ. ಇದಕ್ಕೆ ನೋಸ್ಟ್ರೋ ಖಾತೆ ಅನ್ನುತ್ತಾರೆ. ದುಡ್ಡು ಆ ಮಧ್ಯದ ಬ್ಯಾಂಕಿನ ಮೂಲಕ ಬರಬೇಕು. ಅವರು ತಮ್ಮ ಖರ್ಚನ್ನು ಯಾರಿಂದ ತೆಗೆದುಕೊಳ್ಳಬೇಕು ಅನ್ನುವುದನ್ನು ಆ ಕಾಪಿಯ 71A ಸಾಲು ಹೇಳುತ್ತಿತ್ತು. ಅಲ್ಲಿ SHA ಇದ್ದರೆ ಕಳಿಸುವವರು ತಮ್ಮ ಬ್ಯಾಂಕಿನ ಖರ್ಚು ಮಾತ್ರ ಕೊಡುತ್ತಾರೆ. ಮಧ್ಯದವರು ತಮ್ಮ ಪಾಲನ್ನು ಬರುವ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ. OUR ಇದ್ದರೆ ಎಲ್ಲ ಖರ್ಚೂ ಕಳಿಸುವವರದು. BEN ಇದ್ದರೆ ಎಲ್ಲವೂ ಪಡೆಯುವವರ ತಲೆ ಮೇಲೆ. ನನ್ನದರಲ್ಲಿ SHA ಇತ್ತು. 25 ಡಾಲರ್ ಅಂದರೆ 2,081 ರೂಪಾಯಿ. ಹೋದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಗಿತ್ತು.

ಇದನ್ನು ತಿಳಿದುಕೊಂಡದ್ದರಿಂದ ಒಂದು ದೊಡ್ಡ ಉಪಕಾರ ಆಯಿತು. ಅಲ್ಲಿಯವರೆಗೆ ನಾನು ಮನಸ್ಸಿನಲ್ಲಿ ಗಿರಾಕಿಯನ್ನೇ ಸಂಶಯಪಟ್ಟಿದ್ದೆ. ಕಡಿಮೆ ಕಳಿಸಿದರೋ ಏನೋ ಅಂತ. ಅವರು ಪೂರ್ತಿ 1,200 ಕಳಿಸಿದ್ದರು. ಕಡಿಮೆ ಬಂದಿದೆ ಅಂತ ಗಿರಾಕಿಗೆ ಪತ್ರ ಬರೆಯುವ ಮೊದಲು ಸ್ವಿಫ್ಟ್ ಕಾಪಿಯಲ್ಲಿ ಅವರು ಕಳಿಸಿದ ಮೊತ್ತ ಎಷ್ಟಿದೆ ಅಂತ ನೋಡಿಕೊಳ್ಳಿ. ಸುಮ್ನೆ ಮನಸ್ತಾಪ ಆಗುವುದು ತಪ್ಪುತ್ತದೆ.

ಉಳಿದ 1,820 ರೂಪಾಯಿ ನಮ್ಮ ಬ್ಯಾಂಕಿನಲ್ಲೇ ಹೋಗಿತ್ತು. ಅದರಲ್ಲಿ ದೊಡ್ಡ ಪಾಲು ಯಾವ ಚಾರ್ಜ್ ಪಟ್ಟಿಯಲ್ಲೂ ಕಾಣಲಿಲ್ಲ. ದುಡ್ಡು ಜಮಾ ಆದ ವಿವರ ಇರುವ ಅಡ್ವೈಸ್ ಚೀಟಿಯಲ್ಲಿ "ರೇಟ್ 82.10" ಅಂತ ಮಾತ್ರ ಇತ್ತು. ಗೂಗಲ್‌ನಲ್ಲಿ ಕಾಣುವುದು ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ಕೊಂಡು ಮಾರುವ ದರದ ಆಸುಪಾಸು. ನಮಗೆ ಬ್ಯಾಂಕು ಕೊಡುವುದು ಟಿಟಿ ಬೈಯಿಂಗ್ ರೇಟ್, ಅಂದರೆ ಹೀಗೆ ಬಂದ ಡಾಲರನ್ನು ಅವರು ನಮ್ಮಿಂದ ಕೊಳ್ಳುವ ದರ. ಬೆಳಿಗ್ಗೆ ಪ್ರಕಟ ಮಾಡುವ ಕಾರ್ಡ್ ರೇಟ್ ಅದು. ಎರಡರ ನಡುವೆ ನನ್ನ ವಿಷಯದಲ್ಲಿ ಡಾಲರಿಗೆ 1 ರೂಪಾಯಿ 15 ಪೈಸೆ ವ್ಯತ್ಯಾಸ. 1,175 ಡಾಲರಿಗೆ 1,351 ರೂಪಾಯಿ ಆಯಿತು. "ನಮ್ಮಲ್ಲಿ ಚಾರ್ಜ್ ಬರೀ 250 ರೂಪಾಯಿ" ಅಂತ ಬ್ಯಾಂಕಿನವರು ಹೇಳಿದರೆ ಅದು ಸುಳ್ಳಲ್ಲ. ಆದರೆ ರೇಟಿನೊಳಗೆ ಇರುವ ಮಾರ್ಜಿನ್ ಆ ಮಾತಿನಲ್ಲಿ ಬರುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು.

ಇನ್ನು ಆ 250 ರೂಪಾಯಿಗೆ ಶೇಕಡ 18 ಜಿಎಸ್‌ಟಿ ಸೇರಿ 295. ಕೊನೆಯದಾಗಿ 173 ರೂಪಾಯಿ 64 ಪೈಸೆ. ಇದು ಏನು ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಡಾಲರನ್ನು ರೂಪಾಯಿ ಮಾಡಿಕೊಡುವುದೂ ಒಂದು ಸೇವೆ, ಅದಕ್ಕೂ ಜಿಎಸ್‌ಟಿ ಇದೆ. ಪೂರ್ತಿ ದುಡ್ಡಿನ ಮೇಲೆ ಅಲ್ಲ. ಒಂದು ಲಕ್ಷದವರೆಗೆ ನೂರಕ್ಕೆ ಒಂದು ರೂಪಾಯಿಯನ್ನು ಸೇವೆಯ ಬೆಲೆ ಅಂತ ಹಿಡಿಯುತ್ತಾರೆ, ಕನಿಷ್ಠ 250. ಆ ಬೆಲೆಯ ಮೇಲೆ ಶೇಕಡ 18. ನನ್ನ 1,175 ಡಾಲರ್ ಬದಲಾಗಿ ಆದದ್ದು 96,467 ರೂಪಾಯಿ 50 ಪೈಸೆ, ಅದರ ಶೇಕಡ ಒಂದು ಅಂದರೆ ಸುಮಾರು 965, ಅದಕ್ಕೆ ಜಿಎಸ್‌ಟಿ 173.64. ಲಕ್ಷ ದಾಟಿದ ಭಾಗಕ್ಕೆ ಹತ್ತು ಲಕ್ಷದವರೆಗೆ ಒಂದರ ಬದಲು ಅರ್ಧ ರೂಪಾಯಿ ಹಿಡಿಯುತ್ತಾರೆ. ಇದು ಸರ್ಕಾರದ ನಿಯಮ. ಚೌಕಾಸಿ ಮಾಡಿ ಪ್ರಯೋಜನ ಇಲ್ಲ.

ನಾಲ್ಕೂ ಸೇರಿಸಿದೆ. 2,081.25, 1,351.25, 295, 173.64. ಒಟ್ಟು 3,901.14. ಪೈಸೆ ಪೈಸೆಗೂ ತಾಳೆಯಾಯಿತು. ಮನಸ್ಸಿಗೆ ಒಂದು ಸಮಾಧಾನ.

ಆದರೆ ಅದೇ ಅಡ್ವೈಸ್ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು. ದುಡ್ಡು ಯಾತಕ್ಕೆ ಬಂತು ಅಂತ ಹೇಳುವ ಪರ್ಪಸ್ ಕೋಡ್, P1301. ಮೇಡಂ ಅದನ್ನು ನೋಡಿ, "ಇದ್ಯಾಕೆ ಹೀಗೆ ಬಂದಿದೆ? ನಿಮ್ಮ ಮನೆಯವರು ಯಾರಾದ್ರೂ ಅಮೆರಿಕದಲ್ಲಿ ಇದಾರಾ?" ಅಂತ ಕೇಳಿದರು. ಯಾರೂ ಇಲ್ಲ. P1301 ಅಂದರೆ ಹೊರದೇಶದಲ್ಲಿರುವ ಭಾರತೀಯರು ಮನೆ ಖರ್ಚಿಗೆ, ಉಳಿತಾಯಕ್ಕೆ ಕಳಿಸುವ ದುಡ್ಡು. ನನ್ನ ಸಂಪಾದನೆ ಬ್ಯಾಂಕಿನ ದಾಖಲೆಯಲ್ಲಿ ಯಾರೋ ಬಂಧುಗಳು ಕಳಿಸಿದ ಹಣ ಅಂತ ಕೂತಿತ್ತು.

ಹೇಗಾಯಿತು ಅಂದರೆ, ಹೊರದೇಶದಿಂದ ದುಡ್ಡು ಬಂದಾಗ ಬ್ಯಾಂಕು ಅದನ್ನು ತಕ್ಷಣ ಖಾತೆಗೆ ಹಾಕುವುದಿಲ್ಲ. ಯಾತಕ್ಕೆ ಬಂದ ದುಡ್ಡು ಅಂತ ಕೇಳುತ್ತದೆ. ಇದಕ್ಕೆ ಡಿಸ್ಪೋಸಲ್ ಇನ್‌ಸ್ಟ್ರಕ್ಷನ್ ಅಂತ ಹೆಸರು. ಅಕ್ಟೋಬರ್ 11ಕ್ಕೆ ಬಂದ ದುಡ್ಡಿಗೆ ಆ ಪ್ರಶ್ನೆ ನನ್ನ ಹಳೇ ಇಮೇಲ್ ವಿಳಾಸಕ್ಕೆ ಹೋಗಿತ್ತು. ಕಾಲೇಜಿನಲ್ಲಿದ್ದಾಗ ಕೊಟ್ಟಿದ್ದ ವಿಳಾಸ ಅದು. ಆರು ದಿನ ಉತ್ತರ ಬರದೆ, ಕೊನೆಗೆ ಯಾರೋ ಮನೆಯ ಹಣ ಇರಬೇಕು ಅಂದುಕೊಂಡು ಕೋಡ್ ಹಾಕಿ ಜಮಾ ಮಾಡಿದ್ದರು. ಆ ಆರು ದಿನ ದುಡ್ಡು ಡಾಲರಾಗೇ ಕೂತಿತ್ತು. ರೂಪಾಯಿಯ ರೇಟು ನಿಗದಿಯಾಗುವುದು ದುಡ್ಡು ಬಂದ ದಿನ ಅಲ್ಲ, ಬದಲಾಯಿಸಿದ ದಿನ. ಆ ತಿಂಗಳು ರೇಟು ಹೆಚ್ಚು ಅಲುಗಾಡಲಿಲ್ಲ, ಅದರಿಂದ ನಷ್ಟ ಆಗಲಿಲ್ಲ. ಎಲ್ಲ ತಿಂಗಳೂ ಹಾಗಿರುವುದಿಲ್ಲ.

ಕೋಡ್ ತಪ್ಪಿದರೆ ಏನಂತೆ, ದುಡ್ಡು ಬಂತಲ್ವಾ ಅಂತ ನನಗೆ ಮೊದಲು ಅನ್ನಿಸಿತ್ತು. ನಮ್ಮ ಆಡಿಟರ್ ಹತ್ತಿರ ಹೇಳಿದಾಗ ಅವರು ಗಂಭೀರವಾಗಿಬಿಟ್ಟರು. "ಇದನ್ನ ಹಾಗೇ ಬಿಡಬೇಡಮ್ಮ. ನಾಳೆ ಜಿಎಸ್‌ಟಿಯವರು ಕೇಳಿದ್ರೆ ಏನು ತೋರಿಸ್ತೀಯಾ?" ಅಂದರು.

ಅವರು ವಿವರಿಸಿದ್ದು ಹೀಗೆ. ಓಹಿಯೋದ ಕೆಲಸದಿಂದ ವರ್ಷಕ್ಕೆ ಹನ್ನೆರಡು ಲಕ್ಷದ ಹತ್ತಿರ. ಶಿವಮೊಗ್ಗ, ಭದ್ರಾವತಿ ಕಡೆಯ ಅಂಗಡಿ, ಶಾಲೆಗಳ ವೆಬ್‌ಸೈಟ್ ಕೆಲಸದಿಂದ ಒಂಬತ್ತು ಲಕ್ಷ. ಎರಡೂ ಸೇರಿ ಇಪ್ಪತ್ತು ಲಕ್ಷ ದಾಟುತ್ತದೆ. ಸೇವೆ ಕೊಡುವವರು ಆ ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶದ ಬಿಲ್ಲಿಗೆ ತೆರಿಗೆ ಇಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಮಿತಿಯ ಲೆಕ್ಕಕ್ಕೆ ರಫ್ತಿನ ದುಡ್ಡೂ ಸೇರುತ್ತದೆ.

ನೋಂದಣಿ ಆದ ಮೇಲೆ ಹೊರದೇಶದ ಬಿಲ್ಲಿಗೆ ಶೇಕಡ 18 ತೆರಿಗೆ ಕಟ್ಟದೆ ಇರಬೇಕಾದರೆ ಅದು ಸೇವೆಯ ರಫ್ತು ಅಂತ ತೋರಿಸಬೇಕು. ಕೊಡುವವರು ಭಾರತದಲ್ಲಿ, ಪಡೆಯುವವರು ಹೊರದೇಶದಲ್ಲಿ, ಸೇವೆ ಸಲ್ಲುವ ಜಾಗವೂ ಹೊರದೇಶ. ಇದರ ಜೊತೆಗೆ ಇನ್ನೊಂದು ಮುಖ್ಯ ಷರತ್ತು, ದುಡ್ಡು ವಿದೇಶಿ ವಿನಿಮಯದಲ್ಲಿ ಬಂದಿರಬೇಕು. ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬಂದರೂ ನಡೆಯುತ್ತದೆ. ಈ ಕೊನೆಯ ಷರತ್ತಿಗೆ ಪುರಾವೆ ಅಂದರೆ ಬ್ಯಾಂಕು ಕೊಡುವ ಎಫ್‌ಐಆರ್‌ಎ, ಅಂದರೆ ಹೊರದೇಶದ ಹಣ ಬಂದ ಬಗ್ಗೆ ಕೊಡುವ ಅಡ್ವೈಸ್. ಜನ ಈಗಲೂ ಹಳೇ ಹೆಸರಿನಲ್ಲಿ ಎಫ್‌ಐಆರ್‌ಸಿ ಅಂತಲೇ ಕರೆಯುತ್ತಾರೆ. ಅದರಲ್ಲಿ ಕಳಿಸಿದವರ ಹೆಸರು, ಡಾಲರ್ ಎಷ್ಟು, ರೇಟ್ ಎಷ್ಟು, ರೂಪಾಯಿ ಎಷ್ಟು, ಪರ್ಪಸ್ ಕೋಡ್ ಯಾವುದು, ಎಲ್ಲ ಇರುತ್ತದೆ. ಆ ಕಾಗದದಲ್ಲಿ ಮನೆ ಖರ್ಚಿನ ಹಣ ಅಂತ ಇದ್ದರೆ, ನನ್ನ ಬಿಲ್ ಒಂದು ಹೇಳುತ್ತದೆ, ಬ್ಯಾಂಕು ಇನ್ನೊಂದು ಹೇಳುತ್ತದೆ.

ಕೋಡ್ ತಿದ್ದಿಸಲು ಮತ್ತೆ ಮೇಡಂ ಹತ್ತಿರ ಹೋದೆ. ನನ್ನ ಕೆಲಸಕ್ಕೆ ಸರಿಯಾದ ಕೋಡ್ P0802. ಸಾಫ್ಟ್‌ವೇರ್ ಸಲಹೆ ಮತ್ತು ಅಳವಡಿಕೆ, ಸಾಫ್ಟ್‌ವೇರ್ ರಫ್ತು ಘೋಷಿಸುವ ಸಾಫ್ಟೆಕ್ಸ್ ಫಾರಂನಲ್ಲಿ ಬರುವವನ್ನು ಬಿಟ್ಟು, ಅಂತ ಅದರ ವಿವರಣೆ. ಒಂದು ಪತ್ರ ಬರೆದುಕೊಟ್ಟೆ. ಯಾವ ದಿನ ಬಂದ ದುಡ್ಡು, ರೆಫರೆನ್ಸ್ ನಂಬರ್, ಮೊತ್ತ, ಈಗ ಇರುವ ಕೋಡ್, ಇರಬೇಕಾದ ಕೋಡ್, ಕಾರಣ. ಜೊತೆಗೆ ಬಿಲ್ಲಿನ ಪ್ರತಿ, ಕೆಲಸದ ಮಾತುಕತೆ ಆದ ಇಮೇಲ್‌ನ ಪ್ರಿಂಟ್. ಬ್ಯಾಂಕು ಈ ಕೋಡನ್ನು ರಿಸರ್ವ್ ಬ್ಯಾಂಕಿಗೆ ವರದಿ ಮಾಡಿರುವುದರಿಂದ ಶಾಖೆಯಲ್ಲಿ ಕೂತು ತಿದ್ದಲು ಆಗುವುದಿಲ್ಲ. ಬೆಂಗಳೂರಿನ ಅವರ ಕೇಂದ್ರ ವಿಭಾಗಕ್ಕೆ ಹೋಗಬೇಕು.

ಅಲ್ಲಿಂದ ಒಂದು ಸಲ ವಾಪಸ್ ಬಂತು. ಕಾರಣ, ನನ್ನ ಬಿಲ್ಲಿನ ತಲೆಯಲ್ಲಿ ನಾನು ಇಟ್ಟುಕೊಂಡಿದ್ದ ಸ್ಟುಡಿಯೋ ಹೆಸರು ದೊಡ್ಡದಾಗಿ ಇತ್ತು. ಬ್ಯಾಂಕಿನ ಖಾತೆ ನನ್ನ ಸ್ವಂತ ಹೆಸರಿನಲ್ಲಿ. ಇಬ್ಬರೂ ಒಬ್ಬರೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಸ್ಟುಡಿಯೋ ನನ್ನದೇ ಅಂತ ಇನ್ನೊಂದು ಪತ್ರ ಕೊಟ್ಟೆ. ನವೆಂಬರ್ 3ರಂದು ತಿದ್ದಿದ ಎಫ್‌ಐಆರ್‌ಎ ಬಂತು. ಎರಡು ವಾರ ಓಡಾಟ, ನಾಲ್ಕು ಸಲ ಶಾಖೆಗೆ ಭೇಟಿ. ಆ ಮೇಡಂ ಪ್ರತಿ ಸಲವೂ ತಾಳ್ಮೆಯಿಂದ ಕೂರಿಸಿ ಮಾತಾಡಿದರು. ಅವರು ಇಲ್ಲದಿದ್ದರೆ ನಾನು ಅರ್ಧಕ್ಕೇ ಬಿಡುತ್ತಿದ್ದೆ.

ಹೊರಡುವಾಗ ಅವರು ಇನ್ನೊಂದು ಕೆಲಸ ಮಾಡಿಸಿದರು. ಓಹಿಯೋದ ಈ ಗಿರಾಕಿಯಿಂದ ಬರುವ ಎಲ್ಲ ದುಡ್ಡನ್ನೂ P0802 ಅಂತ ತೆಗೆದುಕೊಳ್ಳಿ, ಬಂದ ದಿನವೇ ರೂಪಾಯಿ ಮಾಡಿ, ಅಂತ ಒಂದು ಕಾಯಂ ಸೂಚನೆಯ ಪತ್ರ ಬರೆಸಿಕೊಂಡರು. ಎಲ್ಲ ಬ್ಯಾಂಕಿನಲ್ಲೂ ಇದನ್ನು ಒಪ್ಪುವುದಿಲ್ಲ, ಕೆಲವರು ಪ್ರತಿ ಸಲವೂ ಘೋಷಣೆ ಕೇಳುತ್ತಾರೆ. ನನ್ನ ಬ್ಯಾಂಕಿನಲ್ಲಿ ಒಪ್ಪಿದರು. ಇಮೇಲ್ ವಿಳಾಸವನ್ನೂ ಅವತ್ತೇ ಬದಲಾಯಿಸಿದೆ.

ಇಷ್ಟರಲ್ಲಿ ಬಿಲ್ಲನ್ನು ಪೂರ್ತಿ ಹೊಸದಾಗಿ ಮಾಡಿದೆ. ಮೊದಲ ಬಿಲ್ಲಿನಲ್ಲಿ ಸ್ಟುಡಿಯೋ ಹೆಸರು, "ವೆಬ್‌ಸೈಟ್ ಕೆಲಸ, ಸೆಪ್ಟೆಂಬರ್", 1,200 ಡಾಲರ್, ಖಾತೆ ನಂಬರ್, ಐಎಫ್‌ಎಸ್‌ಸಿ ಇಷ್ಟೇ ಇತ್ತು. ಐಎಫ್‌ಎಸ್‌ಸಿ ದೇಶದೊಳಗಿನ ವ್ಯವಹಾರಕ್ಕೆ. ಹೊರಗಿನವರಿಗೆ ಬೇಕಾದ್ದು ಸ್ವಿಫ್ಟ್ ಕೋಡ್, ಎಂಟು ಅಥವಾ ಹನ್ನೊಂದು ಅಕ್ಷರದ್ದು. ನನ್ನ ಶಾಖೆಗೆ ಅದು ಇಲ್ಲ. ಫಾರಿನ್ ಎಕ್ಸ್‌ಚೇಂಜ್ ನೋಡುವ ಶಾಖೆಯ ಕೋಡನ್ನು ಮೇಡಂ ಬರೆದುಕೊಟ್ಟರು. ಜೊತೆಗೆ ನ್ಯೂಯಾರ್ಕಿನ ಮಧ್ಯದ ಬ್ಯಾಂಕಿನ ಹೆಸರು, ಅದರ ಸ್ವಿಫ್ಟ್ ಕೋಡ್, ಅಲ್ಲಿ ನಮ್ಮ ಬ್ಯಾಂಕಿನ ಖಾತೆ ನಂಬರ್. ಇವನ್ನು ಕೊಟ್ಟರೆ ಯಾವ ದಾರಿಯಲ್ಲಿ ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಮಧ್ಯೆ ಇನ್ನೊಂದು ಬ್ಯಾಂಕು ಸೇರಿ ಅದೂ ಒಂದಿಷ್ಟು ಮುರಿದುಕೊಳ್ಳುವ ಸಾಧ್ಯತೆ ಕಡಿಮೆ.

ಈಗ ನನ್ನ ಬಿಲ್ಲಿನಲ್ಲಿ ಮೇಲೆ ಖಾತೆಯಲ್ಲಿರುವ ಹಾಗೇ ನನ್ನ ಹೆಸರು, ಕೆಳಗೆ ಸಣ್ಣದಾಗಿ ಸ್ಟುಡಿಯೋ ಹೆಸರು. ಗಿರಾಕಿಯ ಪೂರ್ತಿ ಹೆಸರು, ವಿಳಾಸ, ಅವರ ಬ್ಯಾಂಕ್ ಖಾತೆಯಲ್ಲಿ ಹೇಗಿದೆಯೋ ಹಾಗೆ. ಅಂಗಡಿಯ ಹೆಸರಿಗೆ ಬಿಲ್ ಮಾಡಿ ದುಡ್ಡು ಮಾಲೀಕರ ಸ್ವಂತ ಖಾತೆಯಿಂದ ಬಂದರೆ ಮತ್ತೆ ಪ್ರಶ್ನೆ ಏಳುತ್ತದೆ. ಕೆಲಸದ ವಿವರ ಒಂದು ಸಾಲಿನಲ್ಲಿ, ಆದರೆ ಪರ್ಪಸ್ ಕೋಡಿಗೆ ಹೊಂದುವ ಹಾಗೆ. ಜಿಎಸ್‌ಟಿಯಲ್ಲಿ ಆ ಸೇವೆಗೆ ಇರುವ ಕೋಡ್, 998314. ಕೊನೆಯಲ್ಲಿ ಜಿಎಸ್‌ಟಿ ನಿಯಮ ಕೇಳುವ ಒಂದು ವಾಕ್ಯ ಇಂಗ್ಲಿಷಿನಲ್ಲೇ ಇರಬೇಕು ಅಂತ ಆಡಿಟರ್ ಬರೆಸಿದರು.

```
SUPPLY MEANT FOR EXPORT UNDER LETTER OF UNDERTAKING
WITHOUT PAYMENT OF INTEGRATED TAX
Purpose code: P0802
Charges: OUR
```

ಇದರಲ್ಲಿ ಹೇಳಿರುವ ಲೆಟರ್ ಆಫ್ ಅಂಡರ್‌ಟೇಕಿಂಗ್ ಅನ್ನು ಎಲ್‌ಯುಟಿ ಅನ್ನುತ್ತಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ Services, User Services, Furnish Letter of Undertaking ಅಂತ ಹೋಗಿ RFD-11 ಅನ್ನುವ ಫಾರಂ ತುಂಬಬೇಕು. ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ ಕೇಳುತ್ತದೆ. ಚಿಕ್ಕಪ್ಪನ ಹೆಸರು ಒಂದು, ಪಕ್ಕದ ಮನೆ ಮೇಷ್ಟ್ರ ಹೆಸರು ಒಂದು ಹಾಕಿದೆ. ಇದಕ್ಕೆ ಶುಲ್ಕ ಇಲ್ಲ. ಮರೆಯಬಾರದ ವಿಷಯ ಅಂದರೆ ಇದು ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಬಿಲ್ ಕಳಿಸುವ ಮೊದಲು ಹೊಸದು ಆಗಿರಬೇಕು. ಎಲ್‌ಯುಟಿ ಇಲ್ಲದಿದ್ದರೆ ತೆರಿಗೆ ಕಟ್ಟಿ ಆಮೇಲೆ ವಾಪಸ್ ಕೇಳುವ ದಾರಿ ಉಳಿಯುತ್ತದೆ. ಸಣ್ಣವರಿಗೆ ಅಷ್ಟು ದುಡ್ಡು ಸಿಕ್ಕಿಹಾಕಿಕೊಂಡರೆ ತುಂಬಾ ಕಷ್ಟ.

ನವೆಂಬರಿನ ದುಡ್ಡು ಬಂದಾಗ ಆಸೆಯಿಂದ ಸ್ವಿಫ್ಟ್ ಕಾಪಿ ನೋಡಿದೆ. ಮತ್ತೆ SHA. ಮತ್ತೆ 25 ಡಾಲರ್ ಹೋಗಿತ್ತು. ಬಿಲ್ಲಿನಲ್ಲಿ OUR ಅಂತ ಬರೆದರೆ ಸಾಲದು. ಗಿರಾಕಿಗೆ ಫೋನ್ ಮಾಡಿದೆ. ನಾನು ಫೋನಿನಲ್ಲಿ ಇರುವಾಗಲೇ ಅವರು ತಮ್ಮ ಬ್ಯಾಂಕಿನ ವೆಬ್‌ಸೈಟ್ ತೆರೆದು ನೋಡಿದರು. ಅಲ್ಲಿ ಆ ಆಯ್ಕೆಯೇ ಇರಲಿಲ್ಲ. ಶಾಖೆಗೆ ಹೋಗಿ ಕೇಳಿದರೆ ಮಾತ್ರ OUR ಮಾಡಿಕೊಡುತ್ತಾರೆ, ಅದಕ್ಕೆ ಬೇರೆ ಖರ್ಚು. ಈಗಾಗಲೇ ಪ್ರತಿ ಸಲ ಕಳಿಸಲು ತಮಗೆ 45 ಡಾಲರ್ ಆಗುತ್ತಿದೆ ಅಂತಲೂ ಹೇಳಿದರು. ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ಹಾಗೆ ಅವರೂ ಸಣ್ಣ ವ್ಯಾಪಾರದವರೇ.

ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಎರಡು ತಿಂಗಳ ದುಡ್ಡನ್ನು ಒಟ್ಟಿಗೆ, 2,400 ಡಾಲರ್, OUR ಮಾಡಿ ಕಳಿಸುವುದು. ಅವರಿಗೆ ಒಂದು ಸಲದ 45 ಡಾಲರ್ ಉಳಿಯುತ್ತದೆ, OUR ಖರ್ಚು ಅದರಲ್ಲೇ ಮುಗಿಯುತ್ತದೆ. ಪ್ರತಿ ಸಲಕ್ಕೆ ಇಷ್ಟು ಅಂತ ಇರುವ ಖರ್ಚಿಗೆ ಇದೇ ಒಳ್ಳೆಯ ದಾರಿ. ಆದರೆ ಇದಕ್ಕೆ ಗಿರಾಕಿಯ ಮೇಲೆ ನಂಬಿಕೆ ಬೇಕು, ಎರಡು ತಿಂಗಳು ಮನೆ ನಡೆಸುವ ದುಡ್ಡು ಕೈಯಲ್ಲಿ ಇರಬೇಕು. ಹೊಸ ಗಿರಾಕಿಯ ಜೊತೆ ನಾನು ಹೀಗೆ ಮಾಡುವುದಿಲ್ಲ. ಅಲ್ಲಿ 25 ಡಾಲರ್ ಹೋದರೂ ಪರವಾಗಿಲ್ಲ, ತಿಂಗಳಿಗೊಮ್ಮೆ ಬರಲಿ ಅನ್ನುತ್ತೇನೆ.

ಇನ್ನು ರೇಟಿನ ಮಾರ್ಜಿನ್. ಇದನ್ನು ಕಡಿಮೆ ಮಾಡಿ ಅಂತ ಕೇಳಬಹುದು ಅಂತಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆ ಮೇಡಂ ಹೇಳಿದ ಮೇಲೆ ನಾನು ಮ್ಯಾನೇಜರಿಗೆ ಪತ್ರ ಕೊಟ್ಟೆ. ವರ್ಷಕ್ಕೆ ಇಷ್ಟು ಡಾಲರ್ ಬರುತ್ತದೆ, ಎಲ್ಲವೂ ನಿಮ್ಮಲ್ಲೇ ಬದಲಾಗುತ್ತದೆ, ಕಾರ್ಡ್ ರೇಟಿನ ಬದಲು ಇಂಟರ್‌ಬ್ಯಾಂಕ್ ದರದ ಮೇಲೆ ನಿಗದಿಯಾದ ಪೈಸೆ ಮಾರ್ಜಿನ್‌ಗೆ ಕೊಡಿ ಅಂತ. ಕೇಳುವಾಗ "ರೇಟ್ ಒಳ್ಳೇದು ಕೊಡಿ" ಅಂದರೆ ಏನೂ ಆಗುವುದಿಲ್ಲ. "ಡಾಲರಿಗೆ ಎಷ್ಟು ಪೈಸೆ ಮಾರ್ಜಿನ್?" ಅಂತ ಕೇಳಬೇಕು. ಆಗ ಅವರೂ ಪೈಸೆಯ ಲೆಕ್ಕದಲ್ಲೇ ಉತ್ತರ ಕೊಡುತ್ತಾರೆ. ಬ್ಯಾಂಕಿನಲ್ಲಿ ರೇಟು ನಿಗದಿ ಮಾಡುವ ಟ್ರೆಷರಿ ವಿಭಾಗದಿಂದ 45 ಪೈಸೆಗೆ ಒಪ್ಪಿಗೆ ಬಂತು. ಇದೆಲ್ಲ ದುಡ್ಡು ರೂಪಾಯಿ ಆಗುವ ಮೊದಲೇ ಆಗಬೇಕು. ಒಮ್ಮೆ ಬದಲಾದ ಮೇಲೆ ಕೇಳಿ ಉಪಯೋಗ ಇಲ್ಲ.

2024ರ ಜನವರಿ ಕೊನೆಗೆ 2,400 ಡಾಲರ್ ಬಂತು. 33B, 32A ಎರಡರಲ್ಲೂ 2,400. ಆ ದಿನದ ದರ 83.10, ನನಗೆ ಸಿಕ್ಕಿದ್ದು 82.65. ಮಾರ್ಜಿನ್ 1,080 ರೂಪಾಯಿ, ಬದಲಾವಣೆಯ ಜಿಎಸ್‌ಟಿ 268.52, ಬ್ಯಾಂಕಿನ ಚಾರ್ಜ್ 295. ಖಾತೆಗೆ 1,97,796 ರೂಪಾಯಿ 48 ಪೈಸೆ ಜಮಾ ಆಯಿತು. ಒಟ್ಟು ಹೋದದ್ದು 1,643 ರೂಪಾಯಿ, ಎರಡು ತಿಂಗಳಿಗೆ. ಅಂದರೆ ತಿಂಗಳಿಗೆ 822. ಮೊದಲ ಸಲ ಇದೇ 3,901 ಆಗಿತ್ತು. ದುಡ್ಡು ಬಂದ ದಿನವೇ ಜಮಾ ಆಯಿತು, ಕೋಡೂ ಸರಿ ಇತ್ತು.

ಇನ್ನೊಂದು ದಾರಿಯನ್ನೂ ನೋಡಿದೆ. ಮಂಗಳೂರಿನಲ್ಲಿ ಚಿತ್ರ ಬರೆಯುವ ನನ್ನ ಗೆಳತಿ ಸ್ವಿಫ್ಟ್ ಬಳಸುವುದೇ ಇಲ್ಲ. ಹೊರದೇಶದ ಪಾವತಿ ನಡೆಸುವ ಕಂಪನಿಯೊಂದರ ಮೂಲಕ ತೆಗೆದುಕೊಳ್ಳುತ್ತಾಳೆ. ಅವರು ಅಮೆರಿಕದ ಒಂದು ಖಾತೆ ನಂಬರ್ ಕೊಡುತ್ತಾರೆ. ಗಿರಾಕಿ ಅಲ್ಲಿನ ಒಳಗಿನ ವ್ಯವಹಾರದ ಹಾಗೆ ಅದಕ್ಕೆ ದುಡ್ಡು ಹಾಕುತ್ತಾರೆ, ಮಧ್ಯದ ಬ್ಯಾಂಕಿನ 25 ಡಾಲರ್ ಇಲ್ಲ. ಮಾರ್ಚ್‌ನಲ್ಲಿ ಒಂದು ಸಣ್ಣ ಕೆಲಸಕ್ಕೆ 400 ಡಾಲರ್ ಬರಬೇಕಿತ್ತು, ನಾನೂ ಹಾಗೇ ತರಿಸಿದೆ. ಸಣ್ಣ ಮೊತ್ತಕ್ಕೆ ಅದು ನಿಜವಾಗಲೂ ಅನುಕೂಲ. 400 ಡಾಲರಿನಲ್ಲಿ 25 ಹೋಗುವುದು ಅಂದರೆ ನೂರಕ್ಕೆ ಆರಕ್ಕಿಂತ ಜಾಸ್ತಿ.

ಆದರೆ ಅಲ್ಲಿ ಒಂದು ವಿಷಯ ಗಮನಿಸಿದೆ. ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ದುಡ್ಡು ಮಾಮೂಲಿ ನೆಫ್ಟ್ ಅಂತ ಬಂದಿತ್ತು. ಅಮೆರಿಕ, ಡಾಲರ್ ಯಾವುದರ ಸುಳಿವೂ ಇಲ್ಲ. ನೋಡಿದವರಿಗೆ ಊರಿನ ಯಾರೋ ಕೊಟ್ಟ ಹಾಗೇ ಕಾಣುತ್ತದೆ. ಹಾಗಾಗಿ ಈ ದಾರಿಯಲ್ಲಿ ಎಫ್‌ಐಆರ್‌ಎ ಇನ್ನೂ ಮುಖ್ಯ, ಹೊರದೇಶದ ದುಡ್ಡು ಅನ್ನುವುದಕ್ಕೆ ಬೇರೆ ಪುರಾವೆ ಇಲ್ಲ. ಕಂಪನಿ ಸೇರುವ ಮೊದಲೇ ಮೂರು ವಿಷಯ ಕೇಳಿಕೊಂಡೆ. ಪ್ರತಿ ಪಾವತಿಗೂ ಎಫ್‌ಐಆರ್‌ಎ ಕೊಡುತ್ತೀರಾ, ಅದರಲ್ಲಿ ಪರ್ಪಸ್ ಕೋಡ್ ನಾನು ಹೇಳಿದ್ದೇ ಇರುತ್ತದಾ, ಮತ್ತು ಶುಲ್ಕ ಬಿಟ್ಟು ರೇಟಿನಲ್ಲಿ ಎಷ್ಟು ಪೈಸೆ ಹಿಡಿಯುತ್ತೀರಿ. ಕಾಗದವನ್ನು ಮಾರನೇ ದಿನವೇ ಇಳಿಸಿಕೊಂಡೆ.

ಮಾರ್ಚ್ ಕೊನೆಗೆ ಆಡಿಟರ್ ಹತ್ತಿರ ಫೈಲ್ ತೆಗೆದುಕೊಂಡು ಹೋದೆ. ಪ್ರತಿ ಪಾವತಿಗೂ ಬಿಲ್, ಎಫ್‌ಐಆರ್‌ಎ ಮತ್ತು ಸ್ಟೇಟ್‌ಮೆಂಟಿನ ಆ ಪುಟ ಒಟ್ಟಿಗೆ ಪಿನ್ ಮಾಡಿದ್ದೆ. ಸ್ವಿಫ್ಟ್‌ನಲ್ಲಿ ಬಂದದ್ದಕ್ಕೆ ಸ್ವಿಫ್ಟ್ ಕಾಪಿಯೂ ಇತ್ತು. ಅವರು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡಿದರು. ಬಿಲ್ಲಿನ ನಂಬರು ಸ್ವಿಫ್ಟ್ ಕಾಪಿಯಲ್ಲಿ ಪಾವತಿಯ ವಿವರ ಬರೆಯುವ, 70 ಅಂತ ಗುರುತಿರುವ ಸಾಲಿನಲ್ಲಿ ಇದೆಯಾ ಅಂತ ಬೆರಳಿಟ್ಟು ಹುಡುಕಿದರು. ಮೊದಲ ಎರಡರಲ್ಲಿ ಇರಲಿಲ್ಲ. ಜನವರಿಯದರಲ್ಲಿ ಇತ್ತು. ಗಿರಾಕಿಗೆ ಹೇಳಿ ಅದನ್ನು ಹಾಕಿಸಿದ್ದೆ. "ಇದು ಚೆನ್ನಾಗಿದೆ ಕಣಮ್ಮ, ಹೀಗೇ ಬರಲಿ" ಅಂದರು. ಅಲ್ಲೇ ಕೂತು ಮುಂದಿನ ವರ್ಷದ ಎಲ್‌ಯುಟಿ ಹಾಕಿದೆವು. ಸಾಕ್ಷಿಗೆ ಈ ಸಲವೂ ಚಿಕ್ಕಪ್ಪ ಮತ್ತು ಮೇಷ್ಟ್ರು.